ಐದು ಜನರ ಮನೆಗೆ ಎಷ್ಟು ಕಿಲೋ ವಾಷಿಂಗ್ ಮೆಷಿನ್? ಮೊದಲು ಚಾದರ ತೂಗಿ ನೋಡಿ

ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿದ್ದೇವೆ, ಊರು ವಿಜಯಪುರದ ಕಡೆ. ಮನೆಯಲ್ಲಿ ಐದು ಜನ: ನಾವಿಬ್ಬರು, ಶಾಲೆಗೆ ಹೋಗೋ ಇಬ್ಬರು ಮಕ್ಕಳು, ಅತ್ತೆಯವರು. ಹಳೇ ಸೆಮಿ ಆಟೊಮ್ಯಾಟಿಕ್ ಕೊಟ್ಟು ಫ್ರಂಟ್ ಲೋಡ್ ತಗೋಬೇಕು ಅಂತಿದ್ದೇವೆ. ಅಂಗಡಿಯವರು ಆರೂವರೆ ಕಿಲೋ ಸಾಕು ಅಂತಾರೆ. ಯಜಮಾನರ ಆಫೀಸಿನವರು ಒಂಬತ್ತು ಕಿಲೋನೇ ತಗೊಳ್ಳಿ ಅಂತಾರೆ. ದಿನದ ಬಟ್ಟೆ ಅಷ್ಟೇನೂ ಇಲ್ಲ. ಆದರೆ ಸೊಲ್ಲಾಪುರ ಚಾದರ, ಡಬಲ್ ಬೆಡ್‌ಶೀಟು, ಅತ್ತೆ ಹೊಲಿದ ಕೌದಿ ಎಲ್ಲ ಇವೆ. ಹಾಸಿಗೆ ಬಟ್ಟೆಗೆ ದೊಡ್ಡ ಮೆಷಿನ್ ಬೇಕು ಅನ್ನೋದು ನಿಜಾನಾ?

ಉತ್ತರ: ನಿಜ. ನಿಮ್ಮ ಮನೆಗೆ 8 ಕಿಲೋ ತಗೊಳ್ಳಿ. ಆರೂವರೆ ಕಿಲೋದಲ್ಲಿ ದಿನದ ಬಟ್ಟೆ ಹೇಗೋ ಆಗುತ್ತದೆ, ಚಾದರದ ದಿನ ಕಷ್ಟ. ಒಂಬತ್ತು ಕಿಲೋಗೆ ಹೆಚ್ಚು ದುಡ್ಡು ಕೊಟ್ಟರೆ ಅದಕ್ಕೆ ತಕ್ಕ ಲಾಭ ನಿಮಗೆ ಸಿಗುವುದಿಲ್ಲ. ಕೌದಿಯನ್ನು ಈ ಲೆಕ್ಕದಿಂದಲೇ ಹೊರಗಿಡಿ, ಅದರ ವಿಷಯ ಕೊನೆಗೆ ಹೇಳುತ್ತೇನೆ. ಇಷ್ಟು ಹೇಳಿಬಿಟ್ಟರೆ ಅಂಗಡಿಯಲ್ಲಿ ಮತ್ತೆ ಗೊಂದಲ ಆಗುತ್ತದೆ. ಅದಕ್ಕೆ ಲೆಕ್ಕವನ್ನೂ ಬಿಡಿಸಿ ಇಡುತ್ತೇನೆ.

ಮೊದಲು ಆ ಕಿಲೋ ಅಂದರೆ ಏನು ಅಂತ ನೋಡೋಣ. ಮೆಷಿನ್ ಮೇಲೆ 8 ಕಿಲೋ ಅಂತ ಬರೆದಿದ್ದರೆ ಅದು ಒಣ ಬಟ್ಟೆಯ ತೂಕ. ಅದೂ ಹತ್ತಿ ಬಟ್ಟೆಯದು, ಅದೂ ಕಾಟನ್ ಪ್ರೋಗ್ರಾಂನಲ್ಲಿ ಮಾತ್ರ. ಅದೇ ಮೆಷಿನ್‌ನಲ್ಲಿ ಮಿಕ್ಸ್ ಅಥವಾ ಸಿಂಥೆಟಿಕ್ ಪ್ರೋಗ್ರಾಂ ಹಾಕಿದರೆ ಮಿತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಣ್ಣೆ ಬಟ್ಟೆಗೆ, ಹದಿನೈದು ನಿಮಿಷದ ಕ್ವಿಕ್ ವಾಷ್‌ಗೆ ಇನ್ನೂ ಕಡಿಮೆ, ಒಂದೆರಡು ಕಿಲೋ ಅಷ್ಟೇ. ಇದೆಲ್ಲ ಮೆಷಿನ್ ಜೊತೆ ಬರುವ ಪುಸ್ತಕದಲ್ಲಿ ಕೋಷ್ಟಕ ಹಾಕಿ ಕೊಟ್ಟಿರುತ್ತಾರೆ. ಯಾವ ಪ್ರೋಗ್ರಾಂಗೆ ಎಷ್ಟು ಕಿಲೋ ಅನ್ನುವ ಸಾಲು ಅಲ್ಲಿರುತ್ತದೆ. ಕೊಳ್ಳುವ ಮೊದಲೇ ಆ ಪುಸ್ತಕವನ್ನು ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿಕೊಂಡು, ಬೆಡ್ಡಿಂಗ್ ಅಥವಾ ಡುವೆ ಅಂತ ಬರೆದಿರುವ ಸಾಲು ಹುಡುಕಿ. 8 ಕಿಲೋ ಮೆಷಿನ್ ಆಗಿದ್ದರೂ ಆ ಸಾಲಿನಲ್ಲಿ ಎಂಟು ಅಂತ ಇರುವುದಿಲ್ಲ. ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಇರುತ್ತದೆ, ಆದರೆ ಬಹಳ ಕಡೆ ಅರ್ಧ ಅಥವಾ ಅದಕ್ಕೂ ಕಡಿಮೆ. ಅಂಗಡಿಯಲ್ಲಿ ಯಾರೂ ತೋರಿಸದ ಸಂಖ್ಯೆ ಇದು. ನಿಮಗೆ ಬೇಕಾಗಿರುವುದು ಇದೇ.

ಯಾಕೆ ಹೀಗೆ? ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಸ್ವಚ್ಛ ಆಗುವುದು ಹೇಗೆ ಅಂತ ಗೊತ್ತಾದರೆ ಇದು ತಾನಾಗಿಯೇ ಅರ್ಥ ಆಗುತ್ತದೆ. ಡ್ರಮ್ಮಿನ ಒಳಗೆ ಮೂರು ಕಡೆ ಉಬ್ಬಿದ ಪಟ್ಟಿಗಳಿವೆ, ನೋಡಿರಬಹುದು. ಡ್ರಮ್ ತಿರುಗುವಾಗ ಅವು ಬಟ್ಟೆಯನ್ನು ಮೇಲಕ್ಕೆ ಎತ್ತುತ್ತವೆ. ಮೇಲೆ ಹೋದ ಬಟ್ಟೆ ಕಳಚಿಕೊಂಡು ತಳದ ಸೋಪಿನ ನೀರಿಗೆ ದಪ್ ಅಂತ ಬೀಳುತ್ತದೆ. ಊರಲ್ಲಿ ಒಗೆಯೋ ಕಲ್ಲಿನ ಮೇಲೆ ಬಟ್ಟೆ ಎತ್ತಿ ಬಡಿಯುತ್ತಿದ್ದ ಹಾಗೆಯೇ. ಕೊಳೆ ಬಿಡಿಸುವುದು ಆ ಬೀಳುವ ಪೆಟ್ಟು. ಬಟ್ಟೆ ಬೀಳಬೇಕು ಅಂದರೆ ಡ್ರಮ್ಮಿನ ಮೇಲ್ಭಾಗದಲ್ಲಿ ಖಾಲಿ ಜಾಗ ಇರಬೇಕು. ಗಂಟಲವರೆಗೆ ತುಂಬಿದರೆ ಬಟ್ಟೆ ಬೀಳುವುದಿಲ್ಲ, ಒಟ್ಟಿಗೆ ಮುದ್ದೆಯಾಗಿ ಸುಮ್ನೆ ಸುತ್ತುತ್ತಾ ಇರುತ್ತದೆ.

ಈಗ ಹಾಸಿಗೆ ಬಟ್ಟೆಗೆ ಬನ್ನಿ. ಅದರ ತೊಂದರೆ ತೂಕ ಒಂದೇ ಅಲ್ಲ, ಮೂರು ಸೇರಿಕೊಂಡಿವೆ.

ಮೊದಲನೆಯದು ಜಾಗ. ಒಂದು ಕಿಲೋ ಶರಟು, ಬನಿಯನ್ನು, ಪರಕರ ಹಾಕಿದರೆ ಒದ್ದೆಯಾದ ಕೂಡಲೇ ಅವೆಲ್ಲ ಕುಸಿದು ತಳಕ್ಕೆ ಕೂರುತ್ತವೆ. ಒಂದು ಕಿಲೋ ಚಾದರ ಹಾಗಲ್ಲ. ದಪ್ಪ ನೂಲು, ಮಡಿಕೆ ಮಡಿಕೆಯಾಗಿ ನಿಲ್ಲುತ್ತದೆ, ಒದ್ದೆಯಾದರೂ ಬೇಗ ಕುಸಿಯುವುದಿಲ್ಲ. ಪಾಲಿಯೆಸ್ಟರ್ ತುಂಬಿದ ಕಂಫರ್ಟರ್ ಆದರಂತೂ ತೂಕ ಎರಡು ಕಿಲೋ ಚಿಲ್ಲರೆ ಇರುತ್ತದೆ, ಆದರೆ ಸುತ್ತಿ ಒತ್ತಿದರೂ ಎರಡು ದೊಡ್ಡ ಬಕೆಟ್ಟಿನಷ್ಟು ಜಾಗ ಕೇಳುತ್ತದೆ. ತಕ್ಕಡಿ ಎರಡು ಕಿಲೋ ಅನ್ನುತ್ತದೆ, ಡ್ರಮ್ ತುಂಬಿಹೋಯಿತು ಅನ್ನುತ್ತದೆ. ಮೆಷಿನ್ ಒಳಗೆ ನಡೆಯುವುದು ಡ್ರಮ್ಮಿನ ಮಾತು.

ಎರಡನೆಯದು, ಹಾಸಿಗೆ ಬಟ್ಟೆ ಬಿಡಿಬಿಡಿಯಾಗಿ ಇರುವುದಿಲ್ಲ. ಇಪ್ಪತ್ತು ಸಣ್ಣ ಬಟ್ಟೆ ಹಾಕಿದರೆ ಒಂದೊಂದೂ ಬೇರೆ ಬೇರೆಯಾಗಿ ಮೇಲೆ ಹೋಗಿ ಕೆಳಗೆ ಬೀಳುತ್ತದೆ. ಡಬಲ್ ಬೆಡ್‌ಶೀಟು ಅಂದರೆ ಎರಡು ಮೀಟರಿಗೂ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲದ ಒಂದೇ ತುಂಡು. ಅದು ತಿರುಗುತ್ತಾ ತಿರುಗುತ್ತಾ ಹಗ್ಗದ ಥರ ಹೊಸೆದುಕೊಳ್ಳುತ್ತದೆ. ಇಲ್ಲವೇ ಗಂಟಿನ ಥರ ಆಗಿ ಜೊತೆಗಿದ್ದ ದಿಂಬಿನ ಕವರುಗಳನ್ನೆಲ್ಲ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತದೆ. ಮೂಲೆಯಲ್ಲಿ ಎಲಾಸ್ಟಿಕ್ ಇರುವ ಬೆಡ್‌ಶೀಟು ಇದರಲ್ಲಿ ಎಲ್ಲಕ್ಕಿಂತ ಮುಂದೆ. ಒಳಗೆ ಸಿಕ್ಕಿಕೊಂಡ ಬಟ್ಟೆಗೆ ಸೋಪಿನ ನೀರು ಸರಿಯಾಗಿ ತಲುಪುವುದಿಲ್ಲ, ಜಾಲಾಡುವ ನೀರೂ ತಲುಪುವುದಿಲ್ಲ. ಡ್ರಮ್ಮಿನಲ್ಲಿ ಜಾಗ ಇದ್ದಷ್ಟೂ ಇದು ಬಿಚ್ಚಿಕೊಳ್ಳಲು ಅವಕಾಶ ಜಾಸ್ತಿ.

ಮೂರನೆಯದು ಸ್ಪಿನ್. ಮೆಷಿನ್‌ಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹತ್ತಿ ಬಟ್ಟೆ ಪೂರ್ತಿ ನೆನೆದರೆ ತನ್ನ ತೂಕದ ಎರಡು ಪಟ್ಟು ನೀರನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ 1.1 ಕಿಲೋ ಚಾದರ ನೆನೆದ ಮೇಲೆ ಮೂರು ಕಿಲೋ ದಾಟುತ್ತದೆ. ಒಂದೇ ಚಾದರ ಹಾಕಿ, ಅದು ಡ್ರಮ್ಮಿನ ಒಂದು ಪಕ್ಕಕ್ಕೆ ಅಂಟಿಕೊಂಡಿತು ಅನ್ನಿ. ಎದುರಿನ ಪಕ್ಕದಲ್ಲಿ ಅದನ್ನು ಸರಿದೂಗಿಸಲು ಏನೂ ಇಲ್ಲ. ಸ್ಪಿನ್ 1200 ಸುತ್ತಿಗೆ ಹೋದಾಗ, ಒಂದು ಪಕ್ಕಕ್ಕೆ ಬರೀ ಅರ್ಧ ಕಿಲೋ ತೂಕ ಹೆಚ್ಚಿದ್ದರೂ ಅದು ಡ್ರಮ್ಮನ್ನು ಸುಮಾರು 190 ಕಿಲೋ ಭಾರದಷ್ಟು ಬಲದಿಂದ ಆ ಕಡೆಗೆ ಎಳೆಯುತ್ತದೆ. ಸೆಕೆಂಡಿಗೆ ಇಪ್ಪತ್ತು ಸಲ ಆ ಎಳೆತದ ದಿಕ್ಕು ಸುತ್ತಿ ಬರುತ್ತದೆ. ಬೇರಿಂಗ್, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇವೆಲ್ಲ ತಡೆದುಕೊಳ್ಳಬೇಕಾದ್ದು ಇದನ್ನು. ಅದೇ 400 ಸುತ್ತಿನಲ್ಲಿ ಎಳೆತ ಒಂಬತ್ತರಲ್ಲಿ ಒಂದು ಪಾಲು, ಅಂದರೆ ಇಪ್ಪತ್ತು ಕಿಲೋ ಚಿಲ್ಲರೆ ಅಷ್ಟೇ. ಅದಕ್ಕೇ ಮೆಷಿನ್ ಬುದ್ಧಿವಂತಿಕೆ ಮಾಡುತ್ತದೆ. ತೂಕ ಒಂದೇ ಕಡೆ ಇದೆ ಅಂತ ಗೊತ್ತಾದರೆ ನಿಲ್ಲಿಸಿ, ಆ ಕಡೆ ಈ ಕಡೆ ತಿರುಗಿಸಿ ಬಟ್ಟೆ ಹರಡಲು ನೋಡುತ್ತದೆ, ಕೆಲವು ಮತ್ತೆ ನೀರನ್ನೂ ತಗೊಳ್ಳುತ್ತವೆ. ಆಗಲೂ ಆಗದಿದ್ದರೆ ಕಡಿಮೆ ಸುತ್ತಿನಲ್ಲೇ ಮುಗಿಸುತ್ತದೆ, ಇಲ್ಲವೇ UE ಥರದ ಸೂಚನೆ ತೋರಿಸಿ ನಿಂತುಬಿಡುತ್ತದೆ.

ಡಿಸ್‌ಪ್ಲೇನಲ್ಲಿ ಕೊನೆಯ ಹತ್ತು ನಿಮಿಷ ಅರ್ಧ ಗಂಟೆಯಾದರೂ ಮುಗಿಯುತ್ತಿಲ್ಲ ಅಂತ ಜನ ಫೋನ್ ಮಾಡುತ್ತಾರಲ್ಲ, ಹೆಚ್ಚಿನ ಸಲ ಒಳಗಿರುವುದು ಒಂದೇ ಒಂದು ಚಾದರ ಅಥವಾ ಬ್ಲ್ಯಾಂಕೆಟ್. ಮೆಷಿನ್ ಕೆಟ್ಟಿರುವುದಿಲ್ಲ.

ಇನ್ನು ನಿಮ್ಮ ಮನೆಯ ಲೆಕ್ಕ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ಅದೇ ಸಾಕು. ಬಟ್ಟೆಯನ್ನು ಒಂದು ಚೀಲಕ್ಕೆ ಹಾಕಿ ನೇತುಹಾಕಿ. ಒಣ ಬಟ್ಟೆಯನ್ನೇ ತೂಗಬೇಕು. ನಾನು ಇಲ್ಲಿ ಸಾಮಾನ್ಯವಾಗಿ ಸಿಗುವ ತೂಕ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮದು ಸ್ವಲ್ಪ ಆಚೀಚೆ ಇರಬಹುದು.

ದಿನದ ಬಟ್ಟೆ ಮೊದಲು. ಯಜಮಾನರ ಶರಟು, ಪ್ಯಾಂಟು, ಒಳಬಟ್ಟೆ ಸೇರಿ 850 ಗ್ರಾಂ. ನಿಮ್ಮ ಕುರ್ತಾ, ಸಲ್ವಾರು, ನೈಟಿ ಸೇರಿ 700. ಮಕ್ಕಳ ಯೂನಿಫಾರ್ಮು, ಮನೆಯಲ್ಲಿ ಹಾಕುವ ಬಟ್ಟೆ ತಲಾ 600. ಅತ್ತೆಯವರ ಹತ್ತಿ ಸೀರೆ, ಪರಕರ, ಕುಪ್ಪಸ 850. ದಿನಕ್ಕೆ ಎರಡು ತೆಳು ಟವೆಲ್ಲು 400. ಒಟ್ಟು 4 ಕಿಲೋ. ಹಾಗಾಗಿ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಕಾಟನ್ ಪ್ರೋಗ್ರಾಂ ಹಾಕಿದರೆ ಆರೂವರೆ ಕಿಲೋದಲ್ಲಿ ಇದು ಆರಾಮಾಗಿ ಆಗುತ್ತದೆ. ಆದರೆ ಮಕ್ಕಳ ಯೂನಿಫಾರ್ಮು, ಪ್ಯಾಂಟು ಎಲ್ಲ ಟೆರಿಕಾಟ್ ಇರುತ್ತವೆ, ನೀವು ಮಿಕ್ಸ್ ಪ್ರೋಗ್ರಾಮನ್ನೇ ಹಾಕುತ್ತೀರಿ. ಅಲ್ಲಿ ಆರೂವರೆ ಕಿಲೋ ಮೆಷಿನ್ನಿನ ಮಿತಿ ಮೂರು ಕಿಲೋ ಚಿಲ್ಲರೆ. 8 ಕಿಲೋದಲ್ಲಿ ನಾಲ್ಕರ ಆಸುಪಾಸು. ನಿಮ್ಮ ನಾಲ್ಕು ಕಿಲೋ ಬಟ್ಟೆ ಅದಕ್ಕೆ ಸರಿಯಾಗಿ ಕೂರುತ್ತದೆ.

ಈಗ ಹಾಸಿಗೆ ಬಟ್ಟೆಯ ದಿನ. ಎರಡು ಡಬಲ್ ಬೆಡ್‌ಶೀಟು, ಒಂದೊಂದು 900 ಗ್ರಾಂ ಹಿಡಿಯಿರಿ, 1.8 ಕಿಲೋ. ಅತ್ತೆಯವರ ಸಿಂಗಲ್ ಬೆಡ್‌ಶೀಟು 450 ಗ್ರಾಂ. ದಿಂಬಿನ ಕವರು ಐದು, 400 ಗ್ರಾಂ. ಇಲ್ಲಿಗೆ 2.65 ಕಿಲೋ. ಸೊಲ್ಲಾಪುರ ಚಾದರ ಮೂರು ಅಂದುಕೊಳ್ಳೋಣ, ಒಂದೊಂದು 1.1 ಕಿಲೋ, ಒಟ್ಟು 3.3. ಚಾದರದ ತೂಕ ಮಾತ್ರ ನೀವೇ ನೋಡಿ, ದಪ್ಪ ನೇಯ್ಗೆಯದು ಇದಕ್ಕಿಂತ ಜಾಸ್ತಿ ಬರುತ್ತದೆ. ಒಂದು ಡಬಲ್ ದೋಹರ್ 1.3 ಕಿಲೋ. ಎಲ್ಲ ಸೇರಿ 7.25 ಕಿಲೋ.

8 ಕಿಲೋ ಮೆಷಿನ್ನಿಗೆ 7.25 ಕಿಲೋ ಹಾಕಿ ಒಂದೇ ಸಲಕ್ಕೆ ಮುಗಿಸಬಹುದಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಎಲ್ಲರೂ ಜಾರುವುದು ಇಲ್ಲೇ. ಹಾಸಿಗೆ ಬಟ್ಟೆಗೆ ಅರ್ಧದ ಲೆಕ್ಕ ಹಿಡಿಯಿರಿ. 8 ಕಿಲೋ ಮೆಷಿನ್ ಅಂದರೆ ನಾಲ್ಕು ಕಿಲೋ. ಹಾಗಾದರೆ ಬೆಡ್‌ಶೀಟು, ಕವರು, ದೋಹರ್ ಒಂದು ಸಲ, 3.95 ಕಿಲೋ. ಮೂರು ಚಾದರ ಇನ್ನೊಂದು ಸಲ, 3.3 ಕಿಲೋ. ಎರಡು ಸಲಕ್ಕೆ ಮುಗಿಯಿತು. ಪುಸ್ತಕದಲ್ಲಿ ಬೆಡ್ಡಿಂಗ್ ಸಾಲಿನ ಮಿತಿ ಅರ್ಧಕ್ಕಿಂತ ಕಡಿಮೆ ಕೊಟ್ಟಿದ್ದರೆ ಪುಸ್ತಕದ ಮಾತೇ ಕೊನೆ. ಆಗ ದೋಹರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಆರೂವರೆ ಕಿಲೋದಲ್ಲಿ ಮಿತಿ ಸುಮಾರು 3.25. ಬೆಡ್‌ಶೀಟು, ಕವರು ಒಂದು ಸಲ. ಎರಡು ಚಾದರ ಒಂದು ಸಲ. ಉಳಿದ ಒಂದು ಚಾದರ, ದೋಹರ್ ಮತ್ತೊಂದು ಸಲ. ಮೂರು ಸಲ ಆಯಿತು. ಕಾಟನ್ ಪ್ರೋಗ್ರಾಂ ಬಿಸಿನೀರಿನಲ್ಲಿ ಹಾಕಿದರೆ ಒಂದೊಂದು ಸಲಕ್ಕೂ ಎರಡು ಗಂಟೆ ಮೇಲೆಯೇ ಬೇಕು. ಟ್ಯಾಂಕರ್ ನೀರಿನ ಸೊಸೈಟಿಯಲ್ಲಿ, ಇರೋ ಒಂದು ಭಾನುವಾರದಲ್ಲಿ ಮೂರು ಸಲ ಹಾಕುವುದು ಯಾರಿಂದಲೂ ಆಗುವುದಿಲ್ಲ. ಆಗ ಏನಾಗುತ್ತದೆ? ಮೂರನೆಯದನ್ನೂ ಎರಡನೆಯದಕ್ಕೇ ತುರುಕುತ್ತಾರೆ. ಸಣ್ಣ ಮೆಷಿನ್ ಬೇಗ ಹಾಳಾಗುವುದು ಹೀಗೆ.

ಒಂಬತ್ತು ಕಿಲೋದಲ್ಲಿ ನೋಡಿ. ಮಿತಿ ನಾಲ್ಕೂವರೆ. 7.25 ಕಿಲೋವನ್ನು ಎಷ್ಟೇ ಹೊಂದಿಸಿದರೂ ಎರಡೇ ಸಲ. ಎಂಟರಲ್ಲೂ ಎರಡು, ಒಂಬತ್ತರಲ್ಲೂ ಎರಡು. ದಿನದ ನಾಲ್ಕು ಕಿಲೋಗೆ ಒಂಬತ್ತು ಕಿಲೋ ಡ್ರಮ್ ಬೇಕಾಗಿಯೇ ಇಲ್ಲ. ಈಗಿನ ಮೆಷಿನ್‌ಗಳು ಬಟ್ಟೆ ಕಡಿಮೆ ಇದ್ದರೆ ನೀರನ್ನೂ ಕಡಿಮೆ ತಗೊಳ್ಳುತ್ತವೆ ನಿಜ. ಆದರೆ ಬಟ್ಟೆ ಅರ್ಧ ಆಯಿತು ಅಂತ ನೀರು, ಕರೆಂಟು ಸರಿಯಾಗಿ ಅರ್ಧ ಆಗುವುದಿಲ್ಲ. ಜೊತೆಗೆ ಮಗುವಿನ ಎರಡು ಯೂನಿಫಾರ್ಮು ಮಾತ್ರ ಅರ್ಜೆಂಟಾಗಿ ಒಗೆಯಬೇಕು ಅಂದಾಗ, ದೊಡ್ಡ ಡ್ರಮ್ಮಿನಲ್ಲಿ ಅವು ಒಂದು ಮೂಲೆಗೆ ಸೇರಿ ಮತ್ತೆ ಅದೇ ಸ್ಪಿನ್ ತಕರಾರು. ಕಂಫರ್ಟರ್ ನಾಲ್ಕು ಇದ್ದರೆ, ಅಥವಾ ಏಳೆಂಟು ಜನರ ಕುಟುಂಬ ಆಗಿದ್ದರೆ ನಾನೇ ಒಂಬತ್ತು ತಗೊಳ್ಳಿ ಅನ್ನುತ್ತಿದ್ದೆ. ನಿಮ್ಮಲ್ಲಿ ಹಾಗಿಲ್ಲ.

ಇದೇ ಲೆಕ್ಕ ಸಣ್ಣ ಕುಟುಂಬದಲ್ಲಿ ಉಲ್ಟಾ ಕೆಲಸ ಮಾಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ನಿಮ್ಮ ಬಳಗದಲ್ಲಿ ಯಾರಿಗಾದರೂ ಬೇಕಾಗಬಹುದು. ಮುಂಬೈನಲ್ಲಿ ಒಂದು ರೂಮು ಒಂದು ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಐದು ಕಿಲೋ ಸಾಕಲ್ಲ ಅನ್ನುತ್ತಾರೆ. ಜನ ಅರ್ಧ ಆದರು, ದಿನದ ಬಟ್ಟೆ ಅರ್ಧ ಆಯಿತು. ಆದರೆ ಡಬಲ್ ಬೆಡ್ ಅರ್ಧ ಆಗಲಿಲ್ಲ. ಬೆಡ್‌ಶೀಟು ಅಷ್ಟೇ ದೊಡ್ಡದು, ಬ್ಲ್ಯಾಂಕೆಟ್ ಅಷ್ಟೇ ದೊಡ್ಡದು. ಅದಕ್ಕೆ ಇಬ್ಬರಿದ್ದರೂ ಆರೂವರೆ ಏಳು ಕಿಲೋಗಿಂತ ಕೆಳಗೆ ಇಳಿಯಬೇಡಿ ಅಂತ ನಾನು ಹೇಳುವುದು. ಜನರನ್ನು ಎಣಿಸಿ ಮೆಷಿನ್ ಕೊಳ್ಳುವುದಕ್ಕಿಂತ, ಮನೆಯಲ್ಲಿ ನೀವು ಮೆಷಿನ್‌ಗೆ ಹಾಕುವ ಅತಿ ದೊಡ್ಡ ಬಟ್ಟೆ ಯಾವುದು ಅಂತ ನೋಡಿ ಕೊಳ್ಳುವುದು ಸರಿ.

ಅಂಗಡಿಗೆ ಹೋಗುವಾಗ ಅಳತೆ ಟೇಪು ತಗೊಂಡು ಹೋಗಿ. ಎರಡು ಕಂಪನಿಯ 8 ಕಿಲೋ ಮೆಷಿನ್ ಅಕ್ಕಪಕ್ಕ ಇದ್ದರೂ ಡ್ರಮ್ಮಿನ ಗಾತ್ರ ಒಂದೇ ಇರಬೇಕಾಗಿಲ್ಲ. ಕೆಲವರು ಡ್ರಮ್ಮಿನ ಲೀಟರ್ ಬರೆದಿರುತ್ತಾರೆ, ಕೆಲವರು ಬರೆಯುವುದಿಲ್ಲ. ಬರೆಯದಿದ್ದರೆ ಬಾಗಿಲು ತೆಗೆದು ನೀವೇ ಅಳೆಯಿರಿ. ಡ್ರಮ್ಮಿನ ಒಳ ಅಗಲ, ಅಂದರೆ ಈ ಗೋಡೆಯಿಂದ ಆ ಗೋಡೆಗೆ, 48 ಸೆಂಟಿಮೀಟರ್ ಬಂತು ಅನ್ನಿ. ಡ್ರಮ್ಮಿನ ಮುಂದಿನ ಅಂಚಿನಿಂದ ಹಿಂದಿನ ಗೋಡೆಯವರೆಗೆ ಆಳ 33 ಸೆಂಟಿಮೀಟರ್. ಅಗಲದ ಅರ್ಧ 24. ಇನ್ನು ಫೋನಿನಲ್ಲಿ ಗುಣಿಸಿ:

24 × 24 × 3.14 × 33 = 59,685

ಇದನ್ನು ಸಾವಿರದಿಂದ ಭಾಗಿಸಿದರೆ ಲೀಟರು, ಸುಮಾರು 60. ಅದನ್ನು 8 ಕಿಲೋಗೆ ಹಂಚಿದರೆ ಕಿಲೋಗೆ ಏಳೂವರೆ ಲೀಟರ್. ಒಳ್ಳೆಯದು. ಕಿಲೋಗೆ ಏಳು ಲೀಟರಿಗಿಂತ ಕಡಿಮೆ ಬಂದರೆ ನಾನಾದರೆ ಬೇರೆ ಮಾಡೆಲ್ ನೋಡುತ್ತೇನೆ. ಆ ಮೆಷಿನ್ ದಿನದ ಬಟ್ಟೆಯನ್ನು ಚೆನ್ನಾಗಿಯೇ ಒಗೆಯಬಹುದು, ಆದರೆ ಚಾದರಕ್ಕೆ ಬೇಕಾದ ಜಾಗ ಅದರಲ್ಲಿ ಇಲ್ಲ. ಮನೆಯ ಜಾಗ ಉಳಿಸಲಿ ಅಂತ ತೆಳ್ಳಗೆ ಮಾಡಿದ ಮಾಡೆಲ್‌ಗಳಲ್ಲಿ ಇದನ್ನು ತಪ್ಪದೆ ನೋಡಿ. ಅಂಗಡಿಯಲ್ಲಿ ಎಲ್ಲರೂ ಸ್ಪಿನ್ ಎಷ್ಟು, ಪ್ರೋಗ್ರಾಂ ಎಷ್ಟು ಅಂತ ಕೇಳುತ್ತಾರೆ. ಡ್ರಮ್ಮಿನೊಳಗೆ ಟೇಪು ಹಿಡಿಯುವವರು ಅಪರೂಪ. ಸಂಕೋಚ ಬೇಡ, ಹಿಡಿಯಿರಿ.

ಟಾಪ್ ಲೋಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅದರಲ್ಲಿ ದೊಡ್ಡ ಬೆಡ್‌ಶೀಟು, ಬ್ಲ್ಯಾಂಕೆಟ್‌ಗಳೊಳಗೆ ಗಾಳಿ ಸಿಕ್ಕಿ ಬಲೂನಿನಂತೆ ನೀರಿನ ಮೇಲೆ ಏಳುತ್ತವೆ, ಮೇಲಿನ ಭಾಗ ನೆನೆಯುವುದೇ ಇಲ್ಲ. ಯಾರಾದರೂ ಟಾಪ್ ಲೋಡನ್ನೇ ತಗೊಳ್ಳುವುದಾದರೆ ಹಾಸಿಗೆ ಬಟ್ಟೆಗಾಗಿ ಒಂದು ಅಳತೆ ಮೇಲೆ ಹೋಗುವುದು ಒಳ್ಳೆಯದು.

ಮೆಷಿನ್ ಬಂದ ಮೇಲೆ, ತುಂಬುವ ಅಂದಾಜು ಕೈಯಲ್ಲೇ ಸಿಗುತ್ತದೆ. ದಿನದ ಹತ್ತಿ ಬಟ್ಟೆ ಹಾಕಿದಾಗ, ಬಟ್ಟೆಯ ಮೇಲೆ ಅಂಗೈಯನ್ನು ನೆಟ್ಟಗೆ ನಿಲ್ಲಿಸಿದರೆ ಡ್ರಮ್ಮಿನ ತುದಿಗೆ ತಾಗಬೇಕು, ಅಷ್ಟು ಜಾಗ ಸಾಕು. ಚಾದರ, ಬೆಡ್‌ಶೀಟು ಹಾಕಿದಾಗ ಒಣಗಿರುವಾಗಲೇ ಮೇಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖಾಲಿ ಕಾಣಬೇಕು. ಒತ್ತಿ ಹಿಡಿದರೆ ಮಾತ್ರ ಬಾಗಿಲು ಮುಚ್ಚುತ್ತದೆ ಅನ್ನುವ ಹಾಗಿದ್ದರೆ ಒಂದು ತೆಗೆಯಿರಿ. ಚಾದರವನ್ನು ಮಡಿಸಿದ ಹಾಗೇ ಹಾಕಬೇಡಿ. ಬಿಚ್ಚಿ, ಒಂದು ತುದಿಯಿಂದ ಸಡಿಲವಾಗಿ ನೆರಿಗೆ ನೆರಿಗೆಯಾಗಿ ಬಿಡಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಒಂದೇ ಚಾದರ ಒಗೆಯಬೇಕಾಗಿ ಬಂದರೆ ಜೊತೆಗೆ ಎರಡು ಮೂರು ಟವೆಲ್ ಹಾಕಿ, ತೂಕ ಹರಡಲು ಅವು ಸಹಾಯ ಮಾಡುತ್ತವೆ. ಹೊಸ ಸೊಲ್ಲಾಪುರ ಚಾದರ ಮಾತ್ರ ಮೊದಲ ಸಲ ಬೇರೆಯಾಗಿಯೇ ಇರಲಿ, ಕೆಂಪು, ನೀಲಿ ಬಣ್ಣ ಬಿಡುತ್ತದೆ.

ಜಾಸ್ತಿ ಹಾಕಿದ್ದೀರಾ ಅಂತ ಹೇಗೆ ಗೊತ್ತಾಗುತ್ತದೆ? ಚಾದರ ಹೊರಗೆ ತೆಗೆದ ಕೂಡಲೇ ನಡು ಮಡಿಕೆ ಬಿಚ್ಚಿ ನೋಡಿ. ಅಲ್ಲಿ ಪೌಡರಿನ ಬಿಳಿ ಗೆರೆ ಇದ್ದರೆ, ಕೈಗೆ ಜಾರುಜಾರು ಅನ್ನಿಸಿದರೆ, ನೀರು ಒಳಗೆ ಹೋಗಿ ಬಂದಿಲ್ಲ. ಬಾಗಿಲಿನ ರಬ್ಬರ್ ಹತ್ತಿರ ಇದ್ದ ಅಂಚಿನಲ್ಲಿ ಬೂದು ಬಣ್ಣದ ಉಜ್ಜಿದ ಗುರುತು ಇದ್ದರೆ, ಬಟ್ಟೆ ಗಾಜಿಗೂ ರಬ್ಬರಿಗೂ ತಿಕ್ಕಿದೆ. ಇನ್ನೊಂದು, ಹನಿ. 1000 ಸುತ್ತಿನ ಮೇಲೆ ಸರಿಯಾಗಿ ಸ್ಪಿನ್ ಆಗಿದ್ದರೆ ಚಾದರದಲ್ಲಿ ಅದರ ತೂಕದ ಅರ್ಧಕ್ಕಿಂತ ತುಸು ಜಾಸ್ತಿ ನೀರು ಮಾತ್ರ ಉಳಿದಿರುತ್ತದೆ, ಹಿಂಡಿದರೂ ಹನಿ ಬರುವುದಿಲ್ಲ. ಹಿಂಡಿದಾಗ ನೀರು ಸುರಿದರೆ ಸ್ಪಿನ್ ಕಡಿಮೆ ಸುತ್ತಿನಲ್ಲೇ ಮುಗಿದಿದೆ ಅಂತ ಅರ್ಥ. ಬೇಸಿಗೆಯಲ್ಲಿ ಪುಣೆಯ ಬಿಸಿಲು ಇದನ್ನು ಮುಚ್ಚಿಹಾಕುತ್ತದೆ. ಜುಲೈ ತಿಂಗಳಲ್ಲಿ ಡ್ರೈ ಬಾಲ್ಕನಿಯಲ್ಲಿ ಹಾಕಿದ ಅಂಥ ಚಾದರ ಎರಡು ದಿನ ಆದರೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಜನ ಸೋಪಿನ ಪುಡಿಯನ್ನು ಬೈಯುತ್ತಾರೆ. ಆಗ ನೋಡಬೇಕಾದ್ದು ಆ ಸಲ ಎಷ್ಟು ಬಟ್ಟೆ ಹಾಕಿದ್ದಿರಿ ಅನ್ನುವುದನ್ನು.

ಅತ್ತೆಯವರ ಹಾಸಿಗೆಗೋ ಮಕ್ಕಳ ಹಾಸಿಗೆಗೋ ನೀರು ಇಳಿಯದ ಪ್ರೊಟೆಕ್ಟರ್ ಹಾಕಿದ್ದರೆ ಅದನ್ನು ಮೆಷಿನ್‌ಗೆ ಹಾಕಬೇಡಿ. ಇದಕ್ಕೂ ಕಿಲೋಗೂ ಸಂಬಂಧ ಇಲ್ಲ, ಎಷ್ಟೇ ದೊಡ್ಡ ಮೆಷಿನ್ ಆದರೂ ಇದೇ ಮಾತು. ಆ ಬಟ್ಟೆ ನೀರನ್ನು ಒಳಗಿಂದ ಹೊರಗೆ ಬಿಡುವುದಿಲ್ಲ. ಒಂದು ಮಡಿಕೆಯಲ್ಲಿ ನೀರು ಚೀಲದಲ್ಲಿ ಕಟ್ಟಿದ ಹಾಗೆ ನಿಂತುಬಿಡುತ್ತದೆ. ಸ್ಪಿನ್ ಜೋರಾದಾಗ ಆ ನೀರು ಒಮ್ಮೆಲೇ ಒಂದು ಕಡೆ ನುಗ್ಗಿ ಮೆಷಿನ್ ಜಿಗಿಯುವಷ್ಟು ಅಲುಗಾಡುತ್ತದೆ. ನೀರು ಇಳಿಯದ ಬಟ್ಟೆ ಹಾಕಬೇಡಿ ಅಂತ ಬಳಕೆಯ ಪುಸ್ತಕಗಳಲ್ಲೂ ಎಚ್ಚರಿಕೆ ಇರುತ್ತದೆ. ಅದನ್ನು ಬಕೆಟ್ಟಿನಲ್ಲಿ ಕೈಯಲ್ಲೇ ಜಾಲಾಡಿ ನೇತುಹಾಕಿ.

ಈಗ ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಕಿ ಅತ್ತೆ ಕೈಯಲ್ಲಿ ಹೊಲಿದಿದ್ದು, ತೂಗಿದರೆ ಮೂರರಿಂದ ನಾಲ್ಕು ಕಿಲೋ ಇದ್ದರೂ ಆಶ್ಚರ್ಯ ಇಲ್ಲ. ಮೂರೂವರೆ ಕಿಲೋ ಅಂದುಕೊಂಡರೆ ನೆನೆದ ಮೇಲೆ ಹತ್ತು ಕಿಲೋ ದಾಟುತ್ತದೆ. ಒಂದೇ ತುಂಡು, ಎದುರಿಗೆ ಸರಿದೂಗಿಸಲು ಏನೂ ಇಲ್ಲ, ಜೊತೆಗೆ ಟವೆಲ್ ಹಾಕಿದರೂ ಆ ತೂಕಕ್ಕೆ ಅವು ಯಾವ ಲೆಕ್ಕ? ಒಂಬತ್ತು ಕಿಲೋ ಡ್ರಮ್ಮಿನೊಳಗೆ ಅದು ತೂರಬಹುದು. ಸ್ಪಿನ್ ಆಗುವುದಿಲ್ಲ. ಅದಕ್ಕಿಂತ ನನಗೆ ಬೇಜಾರಾಗುವುದು ಹೊಲಿಗೆಯ ವಿಷಯಕ್ಕೆ. ಡ್ರಮ್ಮಿನಲ್ಲಿ ಒದ್ದೆ ಕೌದಿಯ ಭಾರವೆಲ್ಲ ಕೈಹೊಲಿಗೆಯ ದಾರದ ಮೇಲೆ ಬೀಳುತ್ತದೆ, ಮೆತ್ತಗಾದ ಹಳೇ ಸೀರೆ ಸೂಜಿ ಹೋದ ಕಡೆಯೇ ಹರಿಯುತ್ತದೆ. ಒಮ್ಮೆ ಪದರ ಸರಿದು ಒಳಗೆ ಮುದ್ದೆಯಾದರೆ ಬಿಚ್ಚಿ ಮತ್ತೆ ಹೊಲಿಯದೆ ಸರಿ ಆಗುವುದಿಲ್ಲ. ಅದನ್ನು ಊರಲ್ಲಿ ಹೇಗೆ ಮಾಡುತ್ತಿದ್ದಿರೋ ಹಾಗೆಯೇ ಮಾಡಿ. ವರ್ಷಕ್ಕೊಮ್ಮೆ ದಸರೆ ಮುಂದೆ ಹಾಸಿಗೆ ಹೊದಿಕೆ ಎಲ್ಲ ಒಗೆಯುವಾಗ, ಮಳೆ ಬಿಟ್ಟು ಬಿಸಿಲು ಬಿದ್ದ ದಿನ ನೋಡಿ, ದೊಡ್ಡ ಟಬ್ಬಿನಲ್ಲಿ ಸೋಪಿನ ನೀರು ಹಾಕಿ ನೆನೆಸಿ ಕಾಲಲ್ಲಿ ತುಳಿಯಿರಿ. ಹಿಂಡಬೇಡಿ. ಟಬ್ಬಿನ ಅಂಚಿಗೆ ಇಳಿಬಿಟ್ಟು ನೀರು ಬಸಿಯಲಿ, ಆಮೇಲೆ ಇಬ್ಬರು ಹಿಡಿದು ಟೆರೇಸಿನ ಗೋಡೆ ಮೇಲೆ ಹರವಿ. ಹತ್ತಿ ತುಂಬಿದ ರಜಾಯಿಯನ್ನಂತೂ ನೀರಿಗೇ ಹಾಕಬೇಡಿ, ಹತ್ತಿ ಉಂಡೆ ಕಟ್ಟುತ್ತದೆ. ಕವರು ಬಿಚ್ಚಿ ಒಗೆದು, ರಜಾಯಿಯನ್ನು ಬಿಸಿಲಿಗೆ ಹಾಕಿದರೆ ಸಾಕು.

ದುಡ್ಡು ಕೊಡುವ ಮೊದಲು ಒಂದು ಅಳತೆ ಮನೆಯಲ್ಲೂ ತಗೊಳ್ಳಿ. ಮೆಷಿನ್ ಅಗಲ ಹೆಚ್ಚಿನವುಗಳಲ್ಲಿ 60 ಸೆಂಟಿಮೀಟರ್. ಪುಣೆಯ ಫ್ಲ್ಯಾಟುಗಳಲ್ಲಿ ಡ್ರೈ ಬಾಲ್ಕನಿಗೆ ಹೋಗುವ ಬಾಗಿಲು ಬಹಳ ಸಲ ಇಕ್ಕಟ್ಟು. ಚೌಕಟ್ಟಿನ ಒಳಗೆ, ಬಾಗಿಲು ಪೂರ್ತಿ ತೆರೆದಾಗ ಎಷ್ಟು ಸಿಗುತ್ತದೆ ಅಂತ ನೋಡಬೇಕು, ಚೌಕಟ್ಟಿನ ಹೊರ ಅಳತೆ ಲೆಕ್ಕಕ್ಕಿಲ್ಲ. ಅಗಲಕ್ಕೆ ಸಾಲದಿದ್ದರೆ ಮೆಷಿನ್ ತಿರುಗಿಸಿ ಆಳದ ಕಡೆಯಿಂದ ಒಯ್ಯಬಹುದು, 8 ಕಿಲೋಗಿಂತ ಒಂಬತ್ತರಲ್ಲಿ ಆ ಆಳವೂ ಸಾಮಾನ್ಯವಾಗಿ ಹೆಚ್ಚು. ಒಳಗೆ ಇಟ್ಟ ಮೇಲೆ ಹಿಂದೆ ಪೈಪಿಗೆ ಐದರಿಂದ ಹತ್ತು ಸೆಂಟಿಮೀಟರ್ ಬಿಡಬೇಕು, ಮುಂದೆ ಗುಂಡು ಬಾಗಿಲು ಪೂರ್ತಿ ತೆರೆಯಲು ಜಾಗ ಬೇಕು. ಬಾಗಿಲು ಅರ್ಧ ತೆರೆದರೆ ಶರಟು ಹಾಕಬಹುದು, ನೆನೆದ ಮೂರು ಚಾದರ ಎಳೆದು ತೆಗೆಯಲು ಆಗುವುದಿಲ್ಲ.